300 ಅಗಲ, 8 ದಪ್ಪ: ತೂಕ ಒಂದೇ, ಬೀಮ್ ಒಂದೇ ಅಲ್ಲ

ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟ್ ಇದೆ, ಅದರೊಳಗೆ ಸಾಮಾನು ಇಡೋಕೆ ಉಕ್ಕಿನ ಮಾಳಿಗೆ ಹಾಕಬೇಕು ಅಂದುಕೊಳ್ಳಿ. ಬೀಮಿನ ಉದ್ದ 7 ಮೀಟರ್, ಎರಡೂ ತುದಿಯಲ್ಲಿ ಸುಮ್ನೆ ಕೂತಿದೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇದೆ. 1.5ರ ಗುಣಕವೂ ಸೇರಿ ಒಂದು ಮೀಟರಿಗೆ 45 ಕಿಲೋನ್ಯೂಟನ್ ಭಾರ. ಹಾಗಾದ್ರೆ ಮಧ್ಯದಲ್ಲಿ ಬರುವ ಮೊಮೆಂಟ್ 45 × 7 × 7 ÷ 8, ಅಂದರೆ ಸುಮಾರು 276 ಕಿಲೋನ್ಯೂಟನ್ ಮೀಟರ್. ಇದಕ್ಕೆ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿದ ಐ ಸೆಕ್ಷನ್ ಬರೆದುಕೊಟ್ಟಿದ್ದೀರಿ: ಮೇಲೆ ಕೆಳಗೆ 200 × 12ರ ಫ್ಲೇಂಜ್, ನಡುವೆ 400 × 8ರ ವೆಬ್, ಉಕ್ಕು ಮಾಮೂಲಿ ಇ250.

ಎರಡು ದಿನ ಬಿಟ್ಟು ಫ್ಯಾಬ್ರಿಕೇಟರ್ ಫೋನ್ ಮಾಡ್ತಾರೆ. "ಸರ್, 12ರ ಪ್ಲೇಟ್ ಸ್ಟಾಕ್ ಇಲ್ಲ. 8ರದ್ದು ಬೇಕಾದಷ್ಟಿದೆ. ಅಗಲ 300 ಮಾಡಿ ಹಾಕಿದ್ರೆ ತೂಕ ಸೇಮ್. ನಡೀತದಲ್ವಾ?"

ಲೆಕ್ಕ ಹಾಕಿದರೆ ತೂಕ ನಿಜವಾಗಿಯೂ ಒಂದೇ. 200 × 12 ಅಂದರೂ 2400, 300 × 8 ಅಂದರೂ 2400 ಚದರ ಮಿಲಿಮೀಟರ್. ಬೀಮಿನ ಎತ್ತರವೂ 424ರಿಂದ 416ಕ್ಕೆ ಇಳಿಯುತ್ತದೆ ಅಷ್ಟೇ. ಅಗಲ ಜಾಸ್ತಿಯಾದ್ದರಿಂದ ನೋಡೋಕೂ ಗಟ್ಟಿಮುಟ್ಟಾಗಿ ಕಾಣುತ್ತದೆ. ಆದರೂ ಉತ್ತರ "ನಡೆಯಲ್ಲ". ಅದು ಯಾಕೆ ಅಂತ ಹೇಳೋಕೆ ಸೆಕ್ಷನ್ ಕ್ಲಾಸಿಫಿಕೇಶನ್ ಅನ್ನೋ ವಿಷಯಕ್ಕೆ ಬರಬೇಕು. ಕಾಲೇಜಿನಲ್ಲಿ ಎಲ್ಲರೂ ಇದನ್ನು ಓದಿರುತ್ತೇವೆ, ಆದರೆ ಅಲ್ಲಿ ಮಾಡಿಸೋ ಲೆಕ್ಕಗಳಲ್ಲಿ ಬರೋದು ಬಹುತೇಕ ಐಎಸ್‌ಎಂಬಿ ಬೀಮುಗಳು. ಅವುಗಳ ಫ್ಲೇಂಜ್ ದಪ್ಪ. ಐಎಸ್‌ಎಂಬಿ 400ರದ್ದು 140 ಅಗಲಕ್ಕೆ 16 ದಪ್ಪ. ಯಾವ ಮಿತಿಯ ಹತ್ತಿರಕ್ಕೂ ಅದು ಬರುವುದಿಲ್ಲ, ಹಾಗಾಗಿ "ಪ್ಲಾಸ್ಟಿಕ್ ಸೆಕ್ಷನ್" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡ್ತೀವಿ. ತೊಂದರೆ ಶುರುವಾಗೋದು ಪ್ಲೇಟ್ ಕತ್ತರಿಸಿ ನಾವೇ ಬೀಮ್ ಕಟ್ಟೋಕೆ ಹೊರಟಾಗ.

ಬೀಮ್ ಕೆಳಕ್ಕೆ ಬಾಗಿದಾಗ ಮೇಲಿನ ಫ್ಲೇಂಜ್ ಉದ್ದಕ್ಕೂ ಅದುಮಿಸಿಕೊಳ್ಳುತ್ತದೆ, ಕೆಳಗಿನದು ಎಳೆಸಿಕೊಳ್ಳುತ್ತದೆ. ಎಳೆತದಲ್ಲಿರೋ ಪ್ಲೇಟ್ ಎಷ್ಟು ತೆಳ್ಳಗಿದ್ದರೂ ಮಡಚುವುದಿಲ್ಲ. ಅದುಮಿದ ಪ್ಲೇಟ್ ಹಾಗಲ್ಲ. ಡಬ್ಬಿ ಕತ್ತರಿಸಿ ತೆಗೆದ ತಗಡಿನ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಒತ್ತಿದರೆ ತಗಡು ಹರಿಯೋ ಮೊದಲೇ ಅಲೆಯಲೆಯಾಗಿ ಸುಕ್ಕಾಗುತ್ತಲ್ವಾ, ಅದೇ ಇಲ್ಲೂ ಆಗುತ್ತದೆ. ಬೀಮ್ ಪೂರ್ತಿಯಾಗಿ ಪಕ್ಕಕ್ಕೆ ವಾಲಿ ತಿರುಚಿಕೊಳ್ಳೋದು ಬೇರೆ ವಿಷಯ. ನಮ್ಮ ಬೀಮಿಗೆ ಮೇಲಿನ ಸ್ಲ್ಯಾಬ್ ಪಕ್ಕದ ಆಸರೆ ಕೊಡುತ್ತದೆ, ಹಾಗಾಗಿ ಆ ಚಿಂತೆಯನ್ನು ಇಲ್ಲಿ ಬಿಟ್ಟುಬಿಡೋಣ. ಇಲ್ಲಿ ನೋಡ್ತಿರೋದು ಪ್ಲೇಟಿನ ಒಂದು ತುಂಡು ಮಾತ್ರ ಸುಕ್ಕಾಗೋದು, ಅಂದರೆ ಲೋಕಲ್ ಬಕ್ಲಿಂಗ್.

ಈ ಸುಕ್ಕು ಯಾವ ಒತ್ತಡಕ್ಕೆ ಬರುತ್ತದೆ ಅನ್ನೋದಕ್ಕೆ ಹಳೇ ಸೂತ್ರ ಒಂದಿದೆ:

```
σcr = k · π²E / [12(1 − ν²)] · (t/b)²
```

ಇಲ್ಲಿ b ಅನ್ನೋದು ವೆಬ್‌ನಿಂದ ಆಚೆ ಚಾಚಿರುವ ಫ್ಲೇಂಜ್ ಅಗಲ, t ಅದರ ದಪ್ಪ. ಗಮನಿಸಬೇಕಾದ್ದು ಎರಡು. ಮೊದಲನೆಯದು, ದಪ್ಪ ಮತ್ತು ಅಗಲದ ಅನುಪಾತ ವರ್ಗದಲ್ಲಿ ಬರುತ್ತದೆ. ಅಗಲ ಹೆಚ್ಚಾಗಿ ದಪ್ಪವೂ ಕಡಿಮೆಯಾದರೆ ಏಟು ಎರಡೂ ಕಡೆಯಿಂದ ಬೀಳುತ್ತದೆ, ಅದೂ ವರ್ಗವಾಗಿ. ಎರಡನೆಯದು k. ಫ್ಲೇಂಜಿಗೆ ವೆಬ್ ಕಡೆ ಮಾತ್ರ ಆಸರೆ, ಇನ್ನೊಂದು ಅಂಚು ಗಾಳಿಯಲ್ಲಿದೆ, ಅದಕ್ಕೆ k ಬರೀ 0.425. ವೆಬ್‌ಗೆ ಮೇಲೂ ಕೆಳಗೂ ಫ್ಲೇಂಜ್ ಹಿಡಿದುಕೊಂಡಿದೆ. ಮೇಲಾಗಿ ಅದರ ಅರ್ಧ ಭಾಗ ಎಳೆತದಲ್ಲಿದೆ. ಹಾಗಾಗಿ k ಸುಮಾರು 24. ಕೋಡಿನಲ್ಲಿ ಫ್ಲೇಂಜಿಗೆ 8.4 ಅನ್ನೋ ಮಿತಿ, ವೆಬ್‌ಗೆ 84 ಅನ್ನೋ ಮಿತಿ ಇರೋದು ನೋಡಿ "ಒಂದು ಸೊನ್ನೆ ತಪ್ಪಿ ಬಿದ್ದಿದೆಯೇನೋ" ಅಂತ ಅನುಮಾನ ಬಂದಿದ್ದರೆ, ಕಾರಣ ಇದೇ.

ಈಗ ನಮ್ಮ ಅಂಕಿ ಹಾಕೋಣ. 200 × 12ರಲ್ಲಿ ಚಾಚಿದ ಭಾಗ 96 ಮಿಲಿಮೀಟರ್, ಅನುಪಾತ 8. ಸೂತ್ರ ಕೊಡೋ ಉತ್ತರ ಸುಮಾರು 1200 ಮೆಗಾಪಾಸ್ಕಲ್. ಉಕ್ಕು ಮಣಿಯೋದು, ಅಂದರೆ ಯೀಲ್ಡ್ ಆಗೋದು 250ರಲ್ಲಿ. 300 × 8ರಲ್ಲಿ ಚಾಚಿದ್ದು 146, ಅನುಪಾತ 18.25. ಉತ್ತರ ಸುಮಾರು 231. ಅಂದರೆ ಈ ಫ್ಲೇಂಜ್ ಯೀಲ್ಡ್ ಆಗೋ ಮೊದಲೇ ಸುಕ್ಕಾಗಬಹುದು, ಉಕ್ಕಿನ ಪೂರ್ತಿ ಶಕ್ತಿ ನಮ್ಮ ಕೈಗೆ ಸಿಗೋದೇ ಇಲ್ಲ.

ಹಾಗಿದ್ರೆ 250 ದಾಟಿದರೆ ಸಾಕಲ್ವಾ, 1200 ಯಾಕೆ ಬೇಕು? ಇದೇ ಇಡೀ ವಿಷಯದ ತಿರುಳು. ಆ ಸೂತ್ರ ಉಕ್ಕು ಪೂರ್ತಿ ಎಲಾಸ್ಟಿಕ್ ಆಗಿರುವಾಗಿನದು, ಪ್ಲೇಟ್ ಕನ್ನಡಿಯಷ್ಟು ನೇರ ಇದೆ ಅಂತ ನಂಬಿಕೊಂಡದ್ದು. ನಿಜವಾದ ಪ್ಲೇಟ್ ಸ್ವಲ್ಪ ಸೊಟ್ಟಗಿರುತ್ತದೆ, ವೆಲ್ಡ್ ತಣ್ಣಗಾಗುವಾಗ ಒಳಗೇ ಒತ್ತಡ ಉಳಿದಿರುತ್ತದೆ. ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಯೀಲ್ಡ್ ಆದ ಕ್ಷಣಕ್ಕೆ ಉಕ್ಕಿನ ಬಿಗಿ ಕುಸಿಯುತ್ತದೆ, ಆಮೇಲೂ ಫ್ಲೇಂಜ್ ಸುಕ್ಕಾಗದೆ ಅದುಮಿಸಿಕೊಳ್ಳುತ್ತಾ ಇರಬೇಕು. ಎಷ್ಟು ಹೊತ್ತು? ವೆಬ್‌ನ ಒಳಗಿನ ನಾರುಗಳೂ ಒಂದೊಂದಾಗಿ ಯೀಲ್ಡ್ ಆಗಿ ಇಡೀ ಅಡ್ಡಕೊಯ್ತ ದುಡಿಯೋವರೆಗೆ. ಹೊರಗಿನ ನಾರು ಮಾತ್ರ ಯೀಲ್ಡ್ ಆದಾಗ ಸಿಗುವ ಮೊಮೆಂಟನ್ನು ಯೀಲ್ಡ್ ಒತ್ತಡ fyಯಿಂದ ಭಾಗಿಸಿದರೆ Ze, ಇಡೀ ಕೊಯ್ತ ಯೀಲ್ಡ್ ಆದಾಗ ಸಿಗುವುದನ್ನು ಭಾಗಿಸಿದರೆ Zp. ಈ Ze ಇಂದ Zp ತನಕದ ದಾರಿಯನ್ನು ಫ್ಲೇಂಜ್ ಮುರುಟದೆ ದಾಟುತ್ತದಾ ಅನ್ನೋದೇ ಕ್ಲಾಸಿಫಿಕೇಶನ್ ಕೇಳುವ ಪ್ರಶ್ನೆ.

ಐಎಸ್ 800:2007ರ 2ನೇ ಕೋಷ್ಟಕದಲ್ಲಿ ಇದಕ್ಕೆ ನಾಲ್ಕು ದರ್ಜೆ ಮಾಡಿದ್ದಾರೆ. ವೆಲ್ಡ್ ಮಾಡಿದ ಐ ಸೆಕ್ಷನ್ನಿನ ಫ್ಲೇಂಜಿಗೆ b/tf ಅನುಪಾತ 8.4ε ಒಳಗಿದ್ದರೆ ಪ್ಲಾಸ್ಟಿಕ್, 9.4ε ಒಳಗಿದ್ದರೆ ಕಾಂಪ್ಯಾಕ್ಟ್, 13.6ε ಒಳಗಿದ್ದರೆ ಸೆಮಿ-ಕಾಂಪ್ಯಾಕ್ಟ್, ಅದನ್ನೂ ದಾಟಿದರೆ ಸ್ಲೆಂಡರ್. ಗಿರಣಿಯಲ್ಲಿ ಉರುಳಿಸಿ ಮಾಡಿದ ಸೆಕ್ಷನ್ನಿಗೆ ಇದೇ ಮಿತಿಗಳು 9.4, 10.5, 15.7. ವೆಲ್ಡಿನ ಉಳಿಕೆ ಒತ್ತಡ ಜಾಸ್ತಿ, ಅದಕ್ಕೇ ಅದರ ಮಿತಿ ಬಿಗಿ. ಬಾಗುವಿಕೆಯಲ್ಲಿರೋ ವೆಬ್‌ಗೆ, ತಟಸ್ಥ ಅಕ್ಷ ನಡುವೆಯೇ ಇದ್ದರೆ, 84, 105, 126. ε ಅಂದರೆ √(250/fy). ಇ250ಕ್ಕೆ ಅದು 1. ಫ್ಲೇಂಜ್, ವೆಬ್ ಎರಡರಲ್ಲಿ ಯಾವುದರ ದರ್ಜೆ ಕೆಳಗಿದೆಯೋ ಅದೇ ಇಡೀ ಸೆಕ್ಷನ್ನಿನ ದರ್ಜೆ.

ಡಿಸೈನ್ ಮೊಮೆಂಟಿನ ಮಟ್ಟಿಗೆ ಪ್ಲಾಸ್ಟಿಕ್ಕಿಗೂ ಕಾಂಪ್ಯಾಕ್ಟಿಗೂ ವ್ಯತ್ಯಾಸ ಇಲ್ಲ, ಇಬ್ಬರಿಗೂ Zp ಸಿಗುತ್ತದೆ. ವ್ಯತ್ಯಾಸ ಇರೋದು Zp ಮುಟ್ಟಿದ ಮೇಲೆ ಅಲ್ಲೇ ಇನ್ನಷ್ಟು ತಿರುಗೋ ತಾಕತ್ತಿನಲ್ಲಿ. ಒಂಟಿ ಗಾಳೆಯ, ಅಂದರೆ ಎರಡೇ ಆಸರೆಯ ನಡುವಿನ, ಬೀಮಿಗೆ ಅದು ಬೇಕಾಗಿಲ್ಲ. ನಿಜವಾದ ಗೆರೆ ಇರೋದು ಕಾಂಪ್ಯಾಕ್ಟಿಗೂ ಸೆಮಿ-ಕಾಂಪ್ಯಾಕ್ಟಿಗೂ ನಡುವೆ:

```
Md = βb · Zp · fy / γm0        (γm0 = 1.10)
ಪ್ಲಾಸ್ಟಿಕ್, ಕಾಂಪ್ಯಾಕ್ಟ್ : βb = 1
ಸೆಮಿ-ಕಾಂಪ್ಯಾಕ್ಟ್        : βb = Ze / Zp
```

ನಮ್ಮ ಮೂಲ ಬೀಮಿನ ಫ್ಲೇಂಜ್ 8.0, ಪ್ಲಾಸ್ಟಿಕ್. ಚಾಚಿದ ಭಾಗ ಬಿಟ್ಟು ಅರ್ಧ ಅಗಲವನ್ನೇ ಹಿಡಿದರೂ 100 ÷ 12 = 8.33, ಆಗಲೂ ಪಾಸು. ವೆಬ್ 400 ÷ 8 = 50, ಅದೂ ಪ್ಲಾಸ್ಟಿಕ್. Zp 13.09 ಲಕ್ಷ ಘನ ಮಿಲಿಮೀಟರ್, Ze 11.62 ಲಕ್ಷ. ಆಸರೆಯಲ್ಲಿನ ಶಿಯರ್ ಸುಮಾರು 158 ಕಿಲೋನ್ಯೂಟನ್, ವೆಬ್ ತಾಳೋದು 420, ಅಲ್ಲೇನೂ ತಕರಾರಿಲ್ಲ. Md = 13.09 ಲಕ್ಷ × 250 ÷ 1.1, ಅಂದರೆ 297 ಕಿಲೋನ್ಯೂಟನ್ ಮೀಟರ್. ಕೋಡಿನ ಇನ್ನೊಂದು ಮೇಲ್ಮಿತಿ 1.2·Ze·fy/γm0 ಕೊಡೋದು 317, ಅದರೊಳಗೇ ಇದೆ. ಬೇಕಾದ್ದು 276. ಬೀಮ್ ನಿಲ್ಲುತ್ತದೆ.

ಈಗ ಫ್ಯಾಬ್ರಿಕೇಟರ್ ಹೇಳಿದ 300 × 8. ಅನುಪಾತ 18.25, ಸ್ಲೆಂಡರ್. ಇಲ್ಲಿ Ze ಕೂಡ ಪೂರ್ತಿ ಸಿಗಲ್ಲ. ಕೋಡ್ ಕೊಡೋ ಸುಲಭದ ದಾರಿ ಅಂದರೆ, ಸೆಮಿ-ಕಾಂಪ್ಯಾಕ್ಟ್ ಮಿತಿಗಿಂತ ಹೆಚ್ಚಿಗೆ ಚಾಚಿರೋದನ್ನು ಲೆಕ್ಕದಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳೋದು. 13.6 × 8 = 109 ಮಿಲಿಮೀಟರ್ ಒಂದೊಂದು ಕಡೆ ಉಳಿಯಿತು. ಉಳಿದ 37 ಮಿಲಿಮೀಟರ್, ಎರಡೂ ಕಡೆಯಿಂದ, ಹೋಯಿತು. ದುಡ್ಡು ಕೊಟ್ಟಿದ್ದು 300ಕ್ಕೆ, ಅದುಮುವ ಕಡೆ ದುಡಿಯೋದು 226. ಮೇಲಿನ ಫ್ಲೇಂಜ್ ಚಿಕ್ಕದಾದಾಗ ತಟಸ್ಥ ಅಕ್ಷವೂ ಸುಮಾರು 16 ಮಿಲಿಮೀಟರ್ ಕೆಳಗೆ ಜಾರುತ್ತದೆ. ಅದನ್ನೂ ಹಿಡಿದು ಲೆಕ್ಕ ಮಾಡಿದರೆ Ze 9.6 ಲಕ್ಷ, Md ಸುಮಾರು 218. ತೂಕ ಅದೇ, ಬೆಲೆ ಅದೇ, ಮೊಮೆಂಟ್ 297ರಿಂದ 218ಕ್ಕೆ. 276 ಎಲ್ಲಿ, 218 ಎಲ್ಲಿ.

ನ್ಯಾಯವಾಗಿ ಹೇಳಬೇಕು ಅಂದರೆ ಅಗಲದ ಫ್ಲೇಂಜಿಗೂ ಒಂದು ಗುಣ ಇದೆ, ಪಕ್ಕಕ್ಕೆ ವಾಲೋದನ್ನು ಅದು ಚೆನ್ನಾಗಿ ತಡೀತದೆ. ಸ್ಲ್ಯಾಬ್ ಇಲ್ಲದ, ಪಕ್ಕದ ಆಸರೆ ಇಲ್ಲದ ಬೀಮಿನಲ್ಲಿ ಲೆಕ್ಕ ಬೇರೆ ಥರ ಹೋಗಬಹುದು. ಆದರೆ ನಮ್ಮ ಬೀಮಿಗೆ ಆ ಗುಣ ಬೇಕಾಗೇ ಇಲ್ಲ.

ಎರಡನೇ ಸಲಹೆ ಇನ್ನೂ ಆಕರ್ಷಕವಾಗಿ ಕಾಣುತ್ತದೆ: "ಅಳತೆ ಅದೇ ಇರಲಿ, ಇ350 ಪ್ಲೇಟ್ ಹಾಕೋಣ, ಶಕ್ತಿ ಶೇಕಡಾ 40 ಜಾಸ್ತಿ." ಉಕ್ಕಿನ ಶಕ್ತಿ ಜಾಸ್ತಿಯಾಗೋದು ನಿಜ. ಆದರೆ ಮಿತಿಗಳ ಜೊತೆ ಒಂದು ε ಅಂಟಿಕೊಂಡಿತ್ತಲ್ಲ. 350ಕ್ಕೆ ಅದು 0.845 ಆಗುತ್ತದೆ. ಕಾಂಪ್ಯಾಕ್ಟ್ ಮಿತಿ 9.4ರಿಂದ 7.94ಕ್ಕೆ ಇಳಿಯಿತು. ನಮ್ಮದು 8.0. ಕೂದಲೆಳೆ ಅಂತರದಲ್ಲಿ ಸೆಮಿ-ಕಾಂಪ್ಯಾಕ್ಟ್ ಆಯಿತು. ಒಂದು ಮಿಲಿಮೀಟರ್ ಪ್ಲೇಟನ್ನೂ ಮುಟ್ಟಿಲ್ಲ, ಸೆಕ್ಷನ್ನಿನ ದರ್ಜೆ ಮಾತ್ರ ಎರಡು ಮೆಟ್ಟಿಲು ಇಳಿದಿದೆ. ಕಾರಣ ಸರಳ: ಎಲ್ಲ ಉಕ್ಕಿಗೂ E ಒಂದೇ, ಸುಕ್ಕಾಗುವ ಒತ್ತಡವೂ ಅಷ್ಟೇ, ಆದರೆ ಯೀಲ್ಡ್ ಮುಟ್ಟೋಕೆ ಹೋಗಬೇಕಾದ ದೂರ ಹೆಚ್ಚಾಯಿತು. ಈಗ Md = Ze × 350 ÷ 1.1, ಅಂದರೆ 370. ಪ್ಲಾಸ್ಟಿಕ್ ಅಂತಲೇ ಅಂದುಕೊಂಡು Zp ಹಾಕಿದ್ದರೆ 416 ಬರ್ತಿತ್ತು. ಬೀಮ್ ನಿಲ್ಲುತ್ತದೆ, ಅದರಲ್ಲಿ ಸಂಶಯ ಇಲ್ಲ, ಆದರೆ ಸಿಕ್ಕಿದ ಲಾಭ ಶೇಕಡಾ 40 ಅಲ್ಲ, 24. ಸಾಫ್ಟ್‌ವೇರಿನಲ್ಲಿ ಗ್ರೇಡ್ ಒಂದನ್ನೇ ಬದಲಿಸಿದಾಗ ಉತ್ತರ ಯಾಕೆ ಅಂದುಕೊಂಡಷ್ಟು ಏರಲಿಲ್ಲ ಅಂತ ತಲೆ ಕೆರೆದುಕೊಳ್ಳೋರು ಮೊದಲು ನೋಡಬೇಕಾದ್ದು ಈ ಸಾಲನ್ನೇ.

7.93 ಇದ್ದರೆ 416, 7.95 ಆದರೆ 370. ನಿಜವಾದ ಉಕ್ಕು ಹೀಗೆ ಜಿಗಿಯುವುದಿಲ್ಲ, ಇದು ಕೋಡಿನ ಜಿಗಿತ. ಅಮೆರಿಕದ ಕೋಡಿನಲ್ಲಿ ಈ ಎರಡು ಮಿತಿಗಳ ನಡುವೆ ಮೊಮೆಂಟನ್ನು ಓರೆಗೆರೆಯಲ್ಲಿ ಇಳಿಸುತ್ತಾರೆ, 2022ರ ಹೊಸ ಯೂರೋಕೋಡ್ ಕೂಡ ಸೆಮಿ-ಕಾಂಪ್ಯಾಕ್ಟ್ ಸೆಕ್ಷನ್ನಿಗೆ Ze ಮತ್ತು Zp ನಡುವಿನ ಮೌಲ್ಯ ಬಳಸೋ ದಾರಿ ಕೊಟ್ಟಿದೆ. ಐಎಸ್ 800:2007ರಲ್ಲಿ ಮೆಟ್ಟಿಲೇ. ನನ್ನ ಮಟ್ಟಿಗೆ ಆ ಓರೆಗೆರೆಯೇ ಹೆಚ್ಚು ಸರಿ, ಆದರೆ ನಮ್ಮ ಕೋಡಿನಲ್ಲಿ ಡಿಸೈನ್ ಮಾಡುವಾಗ ಮಿತಿಯ ಅಂಚಿಗೆ ತಂದು ನಿಲ್ಲಿಸದೆ ಇರೋದೇ ಕ್ಷೇಮ. ಯಾಕಂದರೆ ಪ್ಲೇಟ್ ಕೂಡ ನಾಮಕಾವಸ್ತೆ 12, ಅಳೆದರೆ ಸ್ವಲ್ಪ ಕಡಿಮೆಯೂ ಬರಬಹುದು.

ಕಡಿಮೆ ಅಂದಾಗ ನಮ್ಮ ಕರಾವಳಿಯ ವಿಷಯ ಬಂತು. ಶಿರಸಿಯಲ್ಲಿ ಅಡಿಕೆ ಗೋದಾಮಿಗೆ ಇದೇ ಬೀಮ್ ಹಾಕಿ, ಬಣ್ಣ ಸರಿಯಾಗಿ ಬಳಿದರೆ, ಮಳೆ ಎಷ್ಟು ಹೊಡೆದರೂ ಉಪ್ಪಿನ ಕಾಟ ಇರಲ್ಲ. ಬೈತಖೋಲದಲ್ಲಿ ಉಪ್ಪುಗಾಳಿ ಇದೆ, ಐಸ್ ಪ್ಲಾಂಟಿನೊಳಗೆ ಸದಾ ತೇವ ಇದೆ. ತುಕ್ಕು ಹಿಡಿದ ಬೀಮಿನ ಲೆಕ್ಕದಲ್ಲಿ ಎಷ್ಟೋ ಜನ "ಲೋಹ ಎಷ್ಟು ಹೋಯ್ತೋ ಶಕ್ತಿಯೂ ಅಷ್ಟೇ ಹೋಯ್ತು" ಅಂತ ಹಿಡೀತಾರೆ. ಅದು ಸಾಲದು.

ಪ್ರತಿ ಮುಖದಿಂದ 1 ಮಿಲಿಮೀಟರ್ ಒಂದೇ ಸಮ ಹೋಗಿದೆ ಅಂದುಕೊಳ್ಳಿ, ಇದು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೇ. ಫ್ಲೇಂಜ್ 12ರಿಂದ 10 ಆಯಿತು, ವೆಬ್ 8ರಿಂದ 6. ಲೋಹ ಹೋಗಿದ್ದು ಶೇಕಡಾ 20. ಈಗ ಫ್ಲೇಂಜ್ ಅನುಪಾತ 9.7, ಮಿತಿ 9.4. ಸೆಮಿ-ಕಾಂಪ್ಯಾಕ್ಟ್. Zp ಹಾಕಿದ್ದರೆ 242 ಬರ್ತಿತ್ತು, ಈಗ Ze ಹಾಕಬೇಕು, ಉತ್ತರ ಸುಮಾರು 218. ಸ್ಲೆಂಡರ್ ಬೀಮಿನ ಉತ್ತರವೂ ಅಷ್ಟೇ ಬಂದಿತ್ತು, ಅದು ಬರೀ ಕಾಕತಾಳೀಯ. ಲೋಹ ಶೇಕಡಾ 20 ಹೋದಾಗ ಮೊಮೆಂಟ್ ಶೇಕಡಾ 27 ಹೋಯಿತು. ವೆಬ್ ಕೂಡ 402 ÷ 6 = 67ಕ್ಕೆ ಬಂದು ನಿಂತಿದೆ. ಅದರಾಚೆ ಹೋದರೆ ವೆಬ್ ಶಿಯರ್‌ನಲ್ಲಿ ಸುಕ್ಕಾಗುತ್ತದಾ ಅಂತ ಬೇರೆ ಲೆಕ್ಕ ಮಾಡಬೇಕಾಗುತ್ತದೆ, 67ε ಅನ್ನೋದು ಅದರ ಗಡಿ.

ಆದರೆ ತುಕ್ಕು ಹೀಗೆ ಒಂದೇ ಸಮ ಎಲ್ಲಿ ಹಿಡಿಯುತ್ತದೆ? ನೀರು, ಉಪ್ಪು, ಕೊಳೆ ಎಲ್ಲ ಕೂತುಕೊಳ್ಳೋದು ಕೆಳಗಿನ ಫ್ಲೇಂಜಿನ ಮೇಲ್ಮೈಯಲ್ಲಿ, ವೆಬ್ ಸೇರೋ ಮೂಲೆಯಲ್ಲಿ. ಮೇಲಿನ ಫ್ಲೇಂಜಿನ ನೆತ್ತಿಗೆ ಸ್ಲ್ಯಾಬ್ ಮುಚ್ಚಿದೆ. ನಮ್ಮ ಬೀಮ್ ಒಂಟಿ ಗಾಳೆಯದ್ದು, ಕೆಳಗಿನ ಫ್ಲೇಂಜ್ ಉದ್ದಕ್ಕೂ ಎಳೆತದಲ್ಲೇ ಇದೆ. ಅದು ತೆಳ್ಳಗಾದರೆ ಲೋಹ ಹೋದಷ್ಟು ಶಕ್ತಿ ಹೋಗುತ್ತದೆ, ದರ್ಜೆ ಮಾತ್ರ ಅದರಿಂದ ಇಳಿಯಲ್ಲ, ಎಳೆತದ ಪ್ಲೇಟಿಗೆ b/tf ಮಿತಿ ಕೇಳೋರೇ ಇಲ್ಲ. ಇದೇ ಬೀಮನ್ನು ನಡುವೆ ಒಂದು ಕಂಬದ ಮೇಲೆ ಹಾಯಿಸಿ ಎರಡು ಗಾಳೆಗೆ ಎಳೆದಿದ್ದರೆ ಕಥೆ ಬೇರೆ. ಆ ಕಂಬದ ಮೇಲೆ ಮೊಮೆಂಟ್ ತಿರುಗುತ್ತದೆ, ಕೆಳಗಿನ ಫ್ಲೇಂಜ್ ಅದುಮಿಸಿಕೊಳ್ಳುತ್ತದೆ, ಅಂದರೆ ಎಲ್ಲಕ್ಕಿಂತ ಹೆಚ್ಚು ತುಕ್ಕು ತಿಂದ ಪ್ಲೇಟೇ ಅಲ್ಲಿ ದರ್ಜೆ ತೀರ್ಮಾನಿಸುತ್ತದೆ. ಹಗುರ ಶೆಡ್ಡಿನ ರಾಫ್ಟರಿನಲ್ಲೂ ಹಾಗೇ, ಗಾಳಿ ಚಾವಣಿಯನ್ನು ಮೇಲಕ್ಕೆತ್ತಿದಾಗ ಗಾಳೆಯ ನಡುವೆ ಕೆಳಗಿನ ಫ್ಲೇಂಜ್ ಅದುಮಲ್ಪಡುತ್ತದೆ. ಹಾಗಾಗಿ ಹಳೇ ಬೀಮನ್ನು ಪರೀಕ್ಷಿಸುವಾಗ ಮೊದಲು ಮೊಮೆಂಟ್ ಡಯಾಗ್ರಾಮ್ ಬಿಡಿಸಿ, ಎಲ್ಲೆಲ್ಲಿ ಯಾವ ಫ್ಲೇಂಜ್ ಅದುಮಿಸಿಕೊಳ್ಳುತ್ತದೆ ಅಂತ ಗುರುತು ಹಾಕಿಕೊಂಡು, ದಪ್ಪ ಅಳೆಯೋದು ಅಲ್ಲಿಂದ ಶುರು ಮಾಡಬೇಕು.

ಅಳೆಯುವಾಗ ಒಂದು ಎಚ್ಚರ. ತುಕ್ಕು ತಾನು ತಿಂದ ಲೋಹಕ್ಕಿಂತ ಎಷ್ಟೋ ಪಟ್ಟು ಉಬ್ಬುತ್ತದೆ, ಆದ್ದರಿಂದ ಅಂಚಿಗೆ ವರ್ನಿಯರ್ ಹಿಡಿದರೆ ತೆಳ್ಳಗಾದ ಫ್ಲೇಂಜ್ 13 ಅಂತ ತೋರಿಸಿದರೂ ಆಶ್ಚರ್ಯ ಇಲ್ಲ. ಹಕ್ಕಳೆ ಕೆತ್ತಿ, ವೈರ್ ಬ್ರಷ್ ಹಾಕಿ, ಬಣ್ಣವನ್ನೂ ತೆಗೆದು, ಹೊಳೆಯೋ ಲೋಹ ಕಂಡ ಮೇಲೆ ಅಲ್ಟ್ರಾಸೋನಿಕ್ ಗೇಜ್ ಇಡಬೇಕು. ಅಂಚಿನಲ್ಲೊಂದು, ವೆಬ್ ಹತ್ತಿರ ಒಂದು, ನಡುವೆ ಒಂದು, ಹೀಗೆ ಫ್ಲೇಂಜಿನ ಎರಡೂ ಕಡೆ ಅಳೆದು, ಎರಡು ಕಡೆಯಲ್ಲಿ ಯಾವ ಕಡೆಯ ಸರಾಸರಿ ಕಡಿಮೆ ಬರುತ್ತದೋ ಅದನ್ನೇ tf ಅಂತ ಹಿಡಿದು b/tf ಹಾಕಿ.